ಜಾಗ ತೆಗೆದುಕೊಳ್ಳುವ ಮೊದಲು ಸರ್ವೆ ಸ್ಕೆಚ್ ಓದುವುದು ಹೇಗೆ? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಸರ್ವೆಯರ್ ಅಲ್ಲ. ಖಾಸಗಿ ಸರ್ವೆಯರ್ ಒಬ್ಬರ ಜೊತೆ ಟೇಪಿನ ಇನ್ನೊಂದು ತುದಿ ಹಿಡಿದು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗುಡ್ಡ, ತೋಟ ಸುತ್ತಿದವನು. ಈಗಲೂ ಊರಿನವರು ಅಡ್ವಾನ್ಸ್ ಕೊಡುವ ಹಿಂದಿನ ದಿನ ಸ್ಕೆಚ್ಚಿನ ಫೋಟೋ ಕಳಿಸಿ "ಇದು ಸರಿ ಉಂಟಾ?" ಎಂದು ಕೇಳುತ್ತಾರೆ. ಫೋಟೋ ನೋಡಿ ಹೇಳುವುದು ಕಷ್ಟ. ಹಾಗಾಗಿ ಎಲ್ಲರಿಗೂ ಹೇಳುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ ಒಂದೇ ವಿಷಯ: ನೀವು ಕೊಳ್ಳುವ ಜಾಗ ಪಕ್ಕದವರ ಜಾಗದ ಮೇಲೆ ಹತ್ತಿ ಕೂತಿದೆಯಾ ಎಂದು ಹಣ ಕೊಡುವ ಮೊದಲೇ ಹಿಡಿಯುವುದು.

ಇಲ್ಲಿ ಆಧಾರ ಎಂದರೆ ಕ್ರಯಪತ್ರ. ಗಡಿ ದಾಟಿ ಪುತ್ತೂರು, ಮಂಗಳೂರಿನಿಂದ ಬಂದು ಜಾಗ ನೋಡುವವರು ಆಧಾರ ತನ್ನಿ ಎಂದರೆ ಜೇಬಿನಿಂದ ಕಾರ್ಡು ತೆಗೆಯುತ್ತಾರೆ, ಅದಕ್ಕೆ ಮೊದಲೇ ಹೇಳಿದೆ.

ಜಾಗ ಮಾರುವವರು ಸ್ಕೆಚ್ ಕೊಟ್ಟಿದ್ದಾರೆ. ಅದು ಸಾಕಲ್ವಾ?

ಯಾವ ಸ್ಕೆಚ್ ಎಂದು ಮೊದಲು ನೋಡಿ. ನಮ್ಮಲ್ಲಿ ಮೂರು ಬಗೆಯ ಕಾಗದಕ್ಕೂ ಜನ ಸ್ಕೆಚ್ ಎಂದೇ ಹೇಳುತ್ತಾರೆ.

ವಿಲೇಜಾಫೀಸಿನಲ್ಲಿ ಕೊಡುವ ಲೊಕೇಶನ್ ಸ್ಕೆಚ್ ಒಂದು. ಬ್ಯಾಂಕಿನವರು ಸಾಲಕ್ಕೆ ಕೇಳುವುದು ಇದನ್ನೇ. ಜಾಗ ಎಲ್ಲಿ ಬರುತ್ತದೆ, ದಾರಿ ಯಾವ ಕಡೆ, ಪಕ್ಕದಲ್ಲಿ ಯಾರು ಎಂದು ಗೊತ್ತಾಗಲು ಅದು ಸಾಕು. ಅಳತೆಗೆ ಅದನ್ನು ನಂಬಬಾರದು.

ಎರಡನೆಯದು ಆಧಾರದ ಜೊತೆ ಹೊಲಿದಿರುವ ಪ್ಲ್ಯಾನ್. ಮಾರುವವರು ತೋರಿಸಿದ ಗಡಿಯನ್ನು ಖಾಸಗಿಯವರು ಅಳೆದು ಬರೆದದ್ದು. ತೋರಿಸಿದ ಗಡಿಯೇ ತಪ್ಪಾಗಿದ್ದರೆ ಪ್ಲ್ಯಾನ್ ಎಷ್ಟು ಚೆಂದ ಇದ್ದರೂ ಪ್ರಯೋಜನ ಇಲ್ಲ.

ಮೂರನೆಯದು ಎಫ್‌ಎಂಬಿ ಸ್ಕೆಚ್. ಸರ್ವೆ ಇಲಾಖೆಯ ಫೀಲ್ಡ್ ಮೆಷರ್‌ಮೆಂಟ್ ಪುಸ್ತಕದ ಹಾಳೆ. ಇಡೀ ಸರ್ವೆ ನಂಬ್ರಕ್ಕೆ ಒಂದು ಹಾಳೆ, ಅದರೊಳಗೆ ಸಬ್‌ಡಿವಿಜನ್‌ಗಳು. ಇದಕ್ಕೆ ಅರ್ಜಿ ಕೊಟ್ಟು ನಕಲು ತೆಗೆಸಿಕೊಳ್ಳಬೇಕು. ತೆಗೆಸುವಾಗ ನಿಮ್ಮ ತುಂಡು ಮಾತ್ರ ಸಾಲದು, ಇಡೀ ನಂಬ್ರದ ಹಾಳೆ ಬೇಕು ಎಂದು ಹೇಳಿ. ಒಂದರ ಮೇಲೆ ಒಂದು ಹತ್ತಿದ್ದು ಕಾಣಬೇಕಾದರೆ ಎರಡೂ ಕಣ್ಣ ಮುಂದೆ ಇರಬೇಕಲ್ಲ.

ಎಫ್‌ಎಂಬಿ ಹಾಳೆಯಲ್ಲಿ ಗೆರೆ, ಅಂಕಿ ತುಂಬಾ ಇದೆ. ಎಲ್ಲಿಂದ ಓದಲಿ?

ಮೂಲೆಗಳಲ್ಲಿ ಎ, ಬಿ, ಸಿ, ಡಿ ಎಂದು ಅಕ್ಷರಗಳಿರುತ್ತವೆ. ಅವು ಗಡಿಕಲ್ಲುಗಳ ಜಾಗ. ಒಂದು ಮೂಲೆಯಿಂದ ಎದುರು ಮೂಲೆಗೆ ಜಾಗದ ಒಳಗಿನಿಂದಲೇ ಒಂದು ಗೆರೆ ಹೋಗುತ್ತದೆ. ಅದಕ್ಕೆ ಜಿ ಲೈನ್ ಎನ್ನುತ್ತಾರೆ. ಆ ಗೆರೆಯಿಂದ ಅಡ್ಡಕ್ಕೆ, ನೇರ ಲಂಬವಾಗಿ, ಉಳಿದ ಮೂಲೆಗಳಿಗೆ ಎಳೆದ ಸಣ್ಣ ಗೆರೆಗಳು ಆಫ್‌ಸೆಟ್.

ಹೆಚ್ಚಿನವರು ಎಡವುವುದು ಜಿ ಲೈನಿನ ಅಂಕಿಗಳಲ್ಲಿ. ಗೆರೆಯ ಉದ್ದಕ್ಕೂ 24, 48, 74 ಎಂದು ಬರೆದಿದ್ದರೆ ಅವು ಮೂರು ತುಂಡುಗಳಲ್ಲ, ಕೂಡಿಸಬಾರದು. ಶುರುವಿನ ಕಲ್ಲಿನಿಂದ 24 ಮೀಟರಿಗೆ ಒಂದು ಆಫ್‌ಸೆಟ್, 48 ಮೀಟರಿಗೆ ಇನ್ನೊಂದು, 74 ಮೀಟರಿಗೆ ಗೆರೆ ಮುಗಿಯಿತು. ಅಷ್ಟೇ.

ಇನ್ನೊಂದು: ಕಾಗದದ ಮೇಲೆ ಸ್ಕೇಲು ಇಟ್ಟು ಅಳೆಯಬೇಡಿ. ಝೆರಾಕ್ಸ್ ಆದಾಗಲೇ ಚಿತ್ರ ಹಿಗ್ಗಿ ಕುಗ್ಗಿರುತ್ತದೆ, ವಾಟ್ಸಾಪಿನಲ್ಲಿ ಬಂದ ಫೋಟೋ ಕೇಳುವುದೇ ಬೇಡ. ಬರೆದಿರುವ ಅಂಕಿ ಮಾತ್ರ ಲೆಕ್ಕಕ್ಕೆ.

ನಾಲ್ಕು ಬದಿಯ ಅಳತೆ ಆಧಾರದಲ್ಲೇ ಇದೆ. ಜಿ ಲೈನ್ ಯಾಕೆ ಬೇಕು?

ನಾಲ್ಕು ಬದಿ ಗೊತ್ತಿದ್ದರೆ ಜಾಗ ಗೊತ್ತಾದ ಹಾಗಲ್ಲ. ಅಡಿಕೆ ಮರದ ನಾಲ್ಕು ಸೀಳು ತೆಗೆದುಕೊಂಡು ಮೂಲೆಗೆ ಒಂದೊಂದೇ ಮೊಳೆ ಹೊಡೆದು ಚೌಕಟ್ಟು ಮಾಡಿ. ಒಂದು ಮೂಲೆ ಹಿಡಿದು ತಳ್ಳಿದರೆ ಅದು ವಾಲುತ್ತದೆ. ಸೀಳುಗಳ ಉದ್ದ ಬದಲಾಗಲಿಲ್ಲ, ಒಳಗಿನ ಜಾಗ ಮಾತ್ರ ಕಡಿಮೆ ಆಯಿತು.

ಅಂಕಿಯಲ್ಲಿ ಹೇಳುವುದಾದರೆ, 30 ಮೀಟರ್ ಉದ್ದ 27 ಮೀಟರ್ ಅಗಲದ ಸರಿಯಾದ ಚೌಕದ ಜಾಗ 810 ಚದರ ಮೀಟರ್, ಅಂದರೆ 20 ಸೆಂಟ್ಸ್. ಅದೇ ನಾಲ್ಕು ಬದಿ ಇಟ್ಟುಕೊಂಡು ಮೂಲೆ 70 ಡಿಗ್ರಿಗೆ ವಾಲಿದರೆ ಸುಮಾರು 761 ಚದರ ಮೀಟರ್, 18.8 ಸೆಂಟ್ಸ್. ಒಂದು ಸೆಂಟ್ಸಿಗಿಂತ ಜಾಸ್ತಿ ಮಾಯ, ಟೇಪು ಹಿಡಿದು ಸುತ್ತ ಅಳೆದವನಿಗೆ ಗೊತ್ತೇ ಆಗುವುದಿಲ್ಲ. ವಾಲಿದ ಜಾಗವನ್ನು ಕಾಗದದಲ್ಲಿ ನೆಟ್ಟಗೆ ಬರೆದರೆ ಅದರ ಒಂದು ಮೂಲೆ ಪಕ್ಕದವರ ಜಾಗಕ್ಕೆ ನುಗ್ಗುತ್ತದೆ.

ಮೂಲೆಯಿಂದ ಮೂಲೆಗೆ ಒಂದು ಅಳತೆ ಇದ್ದರೆ ಚೌಕಟ್ಟು ವಾಲುವುದಿಲ್ಲ. ಆಧಾರದ ಪ್ಲ್ಯಾನಿನಲ್ಲಿ ಕರ್ಣದ ಅಳತೆ ಇಲ್ಲದಿದ್ದರೆ ಜಾಗಕ್ಕೆ ಹೋಗಿ ಅದೊಂದನ್ನು ನೀವೇ ಅಳೆದು ಬನ್ನಿ.

ಹತ್ತಿ ಕೂತ ಜಾಗ ಹಿಡಿಯುವುದು ಹೇಗೆ ಅಂತ ಒಂದು ಉದಾಹರಣೆ ಕೊಡಿ.

ನನ್ನ ಭಾವನದ್ದೇ ಹೇಳುತ್ತೇನೆ. ನಂಬ್ರ ಬದಲಾಯಿಸಿದ್ದೇನೆ, ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವ ಹಾಗೆ ಇಟ್ಟಿದ್ದೇನೆ.

ತೆಂಕು ಬದಿಗೆ ಪಂಚಾಯತ್ ರಸ್ತೆ. ಆರ್.ಎಸ್., ಅಂದರೆ ರೀಸರ್ವೆ ನಂಬ್ರ 112/3. ಅಪ್ಪನ ಕಾಲದ ಜಾಗವನ್ನು ಮಕ್ಕಳು ಮೂರು ಪಾಲು ಮಾಡಿದ್ದರು. ಪಡು ಬದಿಯ 20 ಸೆಂಟ್ಸ್ ಮೊದಲೇ ಮಾರಿ ಆಗಿತ್ತು, ಅಲ್ಲಿ ಮನೆ, ಕಂಪೌಂಡು ಎಲ್ಲ ಇದೆ. ಮೂಡು ಬದಿಯ 20 ಸೆಂಟ್ಸ್ ಗಲ್ಫಿನಲ್ಲಿರುವವರೊಬ್ಬರು ತೆಗೆದುಕೊಂಡಿದ್ದರು, ಬೇಲಿ ಕೂಡ ಇಲ್ಲ, ಬರೀ ಮುಳಿಹುಲ್ಲು. ನಡುವಿನ 22 ಸೆಂಟ್ಸನ್ನು ಭಾವನಿಗೆ ಕೊಡುವ ಮಾತಾಗಿತ್ತು. ನಾಲ್ಕು ಮೂಲೆಗೂ ಕೆಂಪು ಪೈಂಟ್ ಹೊಡೆದ ಗೂಟ ಊರಿ ತೋರಿಸಿದ್ದರು.

"ಭಾವಾ, ಅಳತೆ ಸರಿ ಉಂಟು, ನಾನೇ ಟೇಪು ಹಿಡಿದಿದ್ದೇನೆ" ಎಂದ. ಹೌದು, ಅವನ ಅಳತೆ ಸರಿಯೇ ಇತ್ತು. ಗೂಟದಿಂದ ಗೂಟಕ್ಕೆ ರಸ್ತೆ ಬದಿಯಲ್ಲಿ 21.7 ಮೀಟರ್. ಗೂಟ ಊರಿದ ಜಾಗ ಸರಿಯಾ ಎಂದು ಯಾರೂ ಕೇಳಿರಲಿಲ್ಲ.

ಎಫ್‌ಎಂಬಿ ತರಿಸಿದೆವು. ರಸ್ತೆ ಬದಿಯ ಪಡು ಮೂಲೆಯ ಕಲ್ಲು ಎ, ಮೂಡು ಮೂಲೆಯದು ಬಿ, ಹಿಂದಿನ ಮೂಡು ಮೂಲೆ ಸಿ, ಹಿಂದಿನ ಪಡು ಮೂಲೆ ಡಿ. ಎ ಯಿಂದ ಸಿ ಗೆ ಜಿ ಲೈನ್ 74 ಮೀಟರ್. ಅದರಿಂದ ಬಿ ಗೆ ಆಫ್‌ಸೆಟ್ 34, ಡಿ ಗೆ 31. ನಾಲ್ಕು ಮೂಲೆಯ ಜಾಗಕ್ಕೆ ಲೆಕ್ಕ ಸುಲಭ. ಎರಡು ಆಫ್‌ಸೆಟ್ ಕೂಡಿಸಿ, ಜಿ ಲೈನಿನಿಂದ ಗುಣಿಸಿ, ಅರ್ಧ ಮಾಡಿ.

74 × (34 + 31) ÷ 2 = 2405 ಚದರ ಮೀಟರ್

ಒಂದು ಸೆಂಟ್ಸಿಗೆ 40.47 ಚದರ ಮೀಟರ್. ಭಾಗಿಸಿದರೆ 59.4 ಸೆಂಟ್ಸ್. ವಿಲೇಜಾಫೀಸಿನ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲೂ 0.24.05 ಎಂದೇ ಇತ್ತು. ಅಂದರೆ ಸೊನ್ನೆ ಹೆಕ್ಟೇರ್, 24 ಆರ್, 5 ಚದರ ಮೀಟರ್. ಒಂದು ಆರ್ ಎಂದರೆ 100 ಚದರ ಮೀಟರ್.

ಈಗ ಮೂರು ಆಧಾರ ಕೂಡಿಸಿ: 20, 20, 22. ಒಟ್ಟು 62. ಇರುವುದೇ 59.4. ಎರಡೂವರೆ ಸೆಂಟ್ಸಿಗಿಂತ ಸ್ವಲ್ಪ ಜಾಸ್ತಿ ಜಾಗ ಕಾಗದದಲ್ಲಿ ಮಾತ್ರ ಇದೆ, ಭೂಮಿಯ ಮೇಲೆ ಇಲ್ಲ.

ಇಲ್ಲಿಗೆ ತಪ್ಪು ಇದೆ ಎಂದು ಗೊತ್ತಾಯಿತು. ಎಲ್ಲಿದೆ ಎಂದು ಗೊತ್ತಾಗಬೇಕಾದರೆ ರಸ್ತೆ ಬದಿಗೆ ಹೋಗಬೇಕು. ಸ್ಕೆಚ್ಚಿನಲ್ಲಿ ಎ ಯಿಂದ ಬಿ ಗೆ 58.8 ಮೀಟರ್. ಕಲ್ಲಿನಿಂದ ಕಲ್ಲಿಗೆ ಅಳೆದೆವು, ಸರಿ ಬಂತು. ಆಮೇಲೆ ಎ ಕಲ್ಲಿನಿಂದ ಟೇಪು ಎಳೆಯುತ್ತಾ ಹೋದೆವು. ಪಡು ಬದಿಯವರ ಕಂಪೌಂಡು ಮುಗಿಯುವುದು 20.4 ಕ್ಕೆ. ಅವರ ಆಧಾರದಲ್ಲೂ ಅಷ್ಟೇ ಇದೆ. ಭಾವನ ಮೂಡು ಬದಿಯ ಗೂಟ 42.1 ಕ್ಕೆ. ಅಲ್ಲಿಂದ ಬಿ ಕಲ್ಲಿಗೆ ಉಳಿದದ್ದು 16.7. ಗಲ್ಫಿನವರ ಆಧಾರದಲ್ಲಿ ರಸ್ತೆ ಬದಿ 19.2 ಎಂದಿದೆ. ಎರಡೂವರೆ ಮೀಟರ್ ಅವರ ಜಾಗದ ಒಳಗೆ ಗೂಟ ಊರಿದ್ದರು.

ಎರಡೂವರೆ ಮೀಟರನ್ನು ಹಿಂದಕ್ಕೆ ಸುಮಾರು 41 ಮೀಟರ್ ಉದ್ದದಿಂದ ಗುಣಿಸಿದರೆ ನೂರಾ ಎರಡು, ನೂರಾ ಮೂರು ಚದರ ಮೀಟರ್. ಕಾಗದದಲ್ಲಿ ಜಾಸ್ತಿಯಾದದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಉತ್ತರ ಬಂದರೆ ಮತ್ತೆ ಸಂಶಯ ಬೇಡ.

ಮಾರುವವರು ಬೇಕಂತಲೇ ಮೋಸ ಮಾಡಿದ್ದಾ?

ಈ ಸಲ ಅಲ್ಲ. ಅಪ್ಪನ ಹಳೆಯ ಆಧಾರದಲ್ಲಿ 62 ಸೆಂಟ್ಸ್ ಎಂದಿತ್ತು. ರೀಸರ್ವೆ ಆದಾಗ ಅಳತೆ 24.05 ಆರ್ ಬಂತು. ಮಕ್ಕಳು ಪಾಲು ಮಾಡುವಾಗ ಹಳೆಯ ಆಧಾರ ಎದುರಿಗಿಟ್ಟು 62 ನ್ನೇ ಹಂಚಿದರು. ಮೊದಲ ಎರಡು ತುಂಡು ಮಾರುವಾಗ ಏನೂ ತೊಂದರೆ ಆಗಲಿಲ್ಲ. ಮುಸುಂಬಿಯಲ್ಲಿ ಹತ್ತು ತೊಳೆ ಎಂದು ಹೇಳಿ ಒಂಬತ್ತೇ ಇದ್ದರೆ ಕೊನೆಯಲ್ಲಿ ಕೈ ಚಾಚಿದವನಿಗೆ ತಾನೇ ಸಿಗದಿರುವುದು.

ಹಳೆಯ ಅಳತೆಗೂ ರೀಸರ್ವೆಗೂ ವ್ಯತ್ಯಾಸ ಬರುವುದಕ್ಕೆ ಕಾರಣ ಹಲವು. ರಸ್ತೆಗೆ ಬಿಟ್ಟ ಜಾಗ, ತೋಡು ಕೊರೆದದ್ದು, ಹಿಂದೆ ಕಣ್ಣಂದಾಜಿಗೆ ಬರೆದ ವಿಸ್ತೀರ್ಣ. ಕೆಲವೊಮ್ಮೆ ರೀಸರ್ವೆಯೇ ತಪ್ಪಿರುತ್ತದೆ. ಹಾಗಿದ್ದರೆ ತಾಲೂಕಾಫೀಸಿಗೆ ಅರ್ಜಿ ಕೊಟ್ಟು ಸರಿ ಮಾಡಿಸುವ ಕೆಲಸ ಮಾರುವವರದ್ದು. ಅದು ಮುಗಿಯುವ ತನಕ ನೀವು ಕಾಯಿರಿ. "ಆಧಾರ ಆಗಲಿ, ಮತ್ತೆ ಸರಿ ಮಾಡಿಸುವ" ಎಂಬ ಮಾತಿಗೆ ನನ್ನ ಅನುಭವದಲ್ಲಿ ಬೆಲೆ ಇಲ್ಲ.

ಹಾಗೇ ಆಧಾರ ಮಾಡಿಸಿಕೊಂಡಿದ್ದರೆ ಆ ಎರಡೂವರೆ ಸೆಂಟ್ಸ್ ಯಾರದ್ದು?

ಮೊದಲು ತೆಗೆದುಕೊಂಡವರದ್ದು. ಒಬ್ಬನೇ ಒಂದೇ ಜಾಗವನ್ನು ಎರಡು ಸಲ ಬರೆದುಕೊಟ್ಟರೆ ಹಿಂದಿನ ಹಕ್ಕಿಗೇ ಮೊದಲ ಸ್ಥಾನ. ಆಸ್ತಿ ವರ್ಗಾವಣೆ ಕಾಯ್ದೆಯ 48 ನೇ ಸೆಕ್ಷನ್ ಹೇಳುವುದು ಇದನ್ನೇ. ಮಾರಿದವನ ಕೈಯಲ್ಲಿ ಇಲ್ಲದ್ದನ್ನು ಅವನು ನಿಮಗೆ ಕೊಡಲು ಆಗುವುದಿಲ್ಲ. ನಿಮ್ಮ ಆಧಾರ ರಿಜಿಸ್ಟರ್ ಆಗುತ್ತದೆ, ಅದರಲ್ಲಿ ಸಂಶಯ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನವರು ಜಾಗಕ್ಕೆ ಬಂದು ಅಳೆಯುವುದಿಲ್ಲವಲ್ಲ.

ಪೋಕುವರವಿಗೆ, ಅಂದರೆ ದಾಖಲೆಯಲ್ಲಿ ಜಾಗವನ್ನು ನಿಮ್ಮ ಹೆಸರಿಗೆ ಮಾಡಿಸಲು ಹೋದಾಗ ಬಾಗಿಲು ಮುಚ್ಚುತ್ತದೆ. ಆ ನಂಬ್ರದಲ್ಲಿ ಉಳಿದಿರುವುದು 19.4 ಸೆಂಟ್ಸ್, ನೀವು ತಂದಿರುವುದು 22 ರ ಆಧಾರ. ಹಣ ಆಗಲೇ ಕೈ ದಾಟಿರುತ್ತದೆ.

ಆಧಾರದಲ್ಲಿ ವಿಸ್ತೀರ್ಣ ಒಂದು, ನಾಲ್ಕು ಗಡಿ ಇನ್ನೊಂದು ಹೇಳಿದರೆ ಕೋರ್ಟು ಸಾಮಾನ್ಯವಾಗಿ ಸ್ಪಷ್ಟವಾದ ಗಡಿಯನ್ನು ಹಿಡಿಯುತ್ತದೆ. ಹಾಗಾಗಿ "ಮೂಡು ಬದಿಗೆ ಇಂಥವರ ಜಾಗ" ಎಂದು ಬರೆದಿದ್ದರೆ, ಅವರ ಜಾಗ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ನಿಮ್ಮದು ಮುಗಿಯಿತು. 22 ಎಂದು ದಪ್ಪ ಅಕ್ಷರದಲ್ಲಿ ಬರೆಸಿಕೊಂಡರೆ ಜಾಗ ಹಿಗ್ಗುವುದಿಲ್ಲ.

ಪಕ್ಕದವರ ಆಧಾರ ನಮಗೆ ಯಾರು ತೋರಿಸುತ್ತಾರೆ?

ಕೇಳಿದರೆ ಹೆಚ್ಚಿನವರು ತೋರಿಸುತ್ತಾರೆ. ಅವರಿಗೂ ತಮ್ಮ ಜಾಗದ ಚಿಂತೆ ಇರುತ್ತದಲ್ಲ. ತೋರಿಸದಿದ್ದರೂ ದಾರಿ ಇದೆ. ಋಣಭಾರ ಪತ್ರ, ನಾವು ಇಸಿ ಎನ್ನುವುದು, ಅದಕ್ಕೆ ಅರ್ಜಿ ಹಾಕುವಾಗ ಮಾರುವವರ ತುಂಡಿಗೆ ಮಾತ್ರ ಹಾಕದೆ ಇಡೀ 112/3 ಕ್ಕೆ ಹಾಕಿ. ಆ ನಂಬ್ರದಿಂದ ಯಾವ ಯಾವ ಆಧಾರ ಹೊರಟಿದೆ ಎಂದು ಒಂದೊಂದಾಗಿ ಬರುತ್ತದೆ. ಬೇಕಾದ ಆಧಾರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತೆಗೆಯಬಹುದು.

ಇಸಿ ಕ್ಲೀನ್ ಇದೆ ಎಂದರೆ ಗಡಿ ಕ್ಲೀನ್ ಇದೆ ಎಂದಲ್ಲ. ಅದರಲ್ಲಿ ಸಾಲ, ಮಾರಾಟ ಕಾಣುತ್ತದೆ. ಗೂಟ ಎಲ್ಲಿ ಊರಿದ್ದಾರೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಆದರೆ ಒಂದು ಹಾಳೆ ತೆಗೆದುಕೊಂಡು ಆಧಾರಗಳ ವಿಸ್ತೀರ್ಣವನ್ನು ಮೇಲಿಂದ ಕೆಳಗೆ ಬರೆದು ಕೂಡಿಸಿ ನೋಡಿ. ಹತ್ತು ನಿಮಿಷದ ಕೆಲಸ. ಭಾವನ ಕೇಸಿನಲ್ಲಿ ಜಾಗಕ್ಕೆ ಹೋಗುವ ಮೊದಲೇ ಸಂಶಯ ಬಂದದ್ದು ಇದರಿಂದಲೇ.

ಹಳೆಯ ಸ್ಕೆಚ್ಚಿನಲ್ಲಿ 292, 368 ಎಂದೆಲ್ಲ ಇದೆ. ಇದು ಅಡಿಯಾ, ಮೀಟರಾ?

ಎರಡೂ ಅಲ್ಲ, ಲಿಂಕ್ಸ್. ಕಾಸರಗೋಡು 1956 ರ ನವೆಂಬರ್ 1 ಕ್ಕೆ ಕೇರಳಕ್ಕೆ ಸೇರುವ ಮೊದಲು ಮದ್ರಾಸಿನ ದಕ್ಷಿಣ ಕೆನರಾ ಜಿಲ್ಲೆಯಲ್ಲಿತ್ತು. ಆ ಕಾಲದ ಅಳತೆ ಚೈನಿನಲ್ಲಿ. ಒಂದು ಚೈನು ಎಂದರೆ 66 ಅಡಿ, ಅದರಲ್ಲಿ 100 ಲಿಂಕ್ಸ್. ಒಂದು ಲಿಂಕ್ ಸುಮಾರು 20.1 ಸೆಂಟಿಮೀಟರ್. ಅಡಿ ಬೇಕಾದರೆ 0.66 ರಿಂದ ಗುಣಿಸಿ, ಮೀಟರ್ ಬೇಕಾದರೆ 0.2012 ರಿಂದ.

292 ಲಿಂಕ್ಸ್ ಎಂದರೆ ಹೆಚ್ಚುಕಡಿಮೆ 58.7 ಮೀಟರ್, ಸುಮಾರು 193 ಅಡಿ. ಅದನ್ನು 292 ಅಡಿ ಎಂದು ಓದಿದವರನ್ನು ನಾನು ನೋಡಿದ್ದೇನೆ. ನೂರು ಅಡಿ ಪಕ್ಕದ ತೋಟಕ್ಕೆ ಹೋಗಿ ನಿಂತು "ಇದೂ ನಮ್ಮದೇ" ಎಂದಿದ್ದರು. ಒಳ್ಳೆ ಗಲಾಟೆ.

ಲಿಂಕ್ಸಿನ ಒಂದು ಚೆಂದ ಏನೆಂದರೆ ಸಾವಿರ ಚದರ ಲಿಂಕ್ಸಿಗೆ ಸರಿಯಾಗಿ ಒಂದು ಸೆಂಟ್ಸ್. ಮೇಲಿನ ಜಾಗವನ್ನೇ ಲಿಂಕ್ಸಿನಲ್ಲಿ ನೋಡಿ. ಜಿ ಲೈನ್ 368, ಆಫ್‌ಸೆಟ್ 169 ಮತ್ತು 154. ಎರಡು ಆಫ್‌ಸೆಟ್ ಕೂಡಿಸಿ ಅರ್ಧ ಮಾಡಿದರೆ 161.5. ಅದನ್ನು 368 ರಿಂದ ಗುಣಿಸಿದರೆ 59,432. ಕೊನೆಯ ಮೂರು ಅಂಕಿಯ ಹಿಂದೆ ಚುಕ್ಕಿ ಇಡಿ, 59.4 ಸೆಂಟ್ಸ್. ಹಳೆಯವರಿಗೆ ಕ್ಯಾಲ್ಕುಲೇಟರ್ ಬೇಕಾಗಿರಲಿಲ್ಲ.

ಆಧಾರ ಮಲೆಯಾಳದಲ್ಲಿದೆ. ಗಡಿ ಎಲ್ಲಿ ನೋಡಲಿ?

ಜಾಗದ ವಿವರ ಬರೆದಿರುವ ಭಾಗ ಪಟ್ಟಿಕೆ, ಅದರಲ್ಲಿ ಅತಿರ್ ಎಂದರೆ ಗಡಿ. ಕಿಳಕ್ಕ್ ಎಂದರೆ ಮೂಡು, ಪಡಿಂಞಾರ್ ಎಂದರೆ ಪಡು, ತೆಕ್ಕ್ ತೆಂಕು, ವಡಕ್ಕ್ ಬಡಗು. ವಳಿ ಎಂದಿದ್ದರೆ ದಾರಿ. ಇಷ್ಟು ಗೊತ್ತಿದ್ದರೆ ಮಲೆಯಾಳ ಓದಲು ಬರುವ ಮಕ್ಕಳ ಹತ್ತಿರ ಓದಿಸಿ ನೀವೇ ಸ್ಕೆಚ್ಚಿಗೆ ಹೊಂದಿಸಿ ನೋಡಬಹುದು.

ಒಂದು ಎಚ್ಚರಿಕೆ. ಹಳೆಯ ಕನ್ನಡ ಆಧಾರದಿಂದ ಹೊಸ ಮಲೆಯಾಳ ಆಧಾರಕ್ಕೆ ಬರೆಯುವಾಗ ದಿಕ್ಕು ಅದಲು ಬದಲಾದದ್ದನ್ನು ಕಂಡಿದ್ದೇನೆ. ಪಡು, ಬಡಗು ಎರಡೂ ಕೇಳಲು ಹತ್ತಿರ ಹತ್ತಿರ. ಸ್ಕೆಚ್ಚನ್ನು ಜಾಗದಲ್ಲಿ ಸೂರ್ಯನಿಗೆ ಹಿಡಿದು ಒಂದು ಸಲ ಖಾತ್ರಿ ಮಾಡಿಕೊಳ್ಳಿ.

ನಮ್ಮ ಜಾಗ ಗುಡ್ಡದಲ್ಲಿ. ಅಳೆದಾಗ ಸ್ಕೆಚ್ಚಿಗಿಂತ ಜಾಸ್ತಿ ಬರುತ್ತದೆ. ಲಾಭವಲ್ವಾ?

ಲಾಭ ಅಲ್ಲ, ಟೇಪು ಇಳಿಜಾರಿನಲ್ಲಿ ಮಲಗಿದೆ. ಸ್ಕೆಚ್ಚಿನ ಅಳತೆ ಎಲ್ಲವೂ ಮಟ್ಟಸ ಅಳತೆ. ಐದು ಮೀಟರಿಗೆ ಒಂದು ಮೀಟರ್ ಏರುವ ಗುಡ್ಡದಲ್ಲಿ 40 ಮೀಟರಿನ ಬದಿಯನ್ನು ನೆಲಕ್ಕೆ ತಾಗಿಸಿ ಅಳೆದರೆ 40.8 ಬರುತ್ತದೆ. ಹಾಗೆ ಅಳೆದು, ಸ್ಕೆಚ್ಚಿನ 40 ಕ್ಕೇ ಗೂಟ ಊರಿದರೆ ನಿಮ್ಮ ಜಾಗ ಸುಮಾರು 80 ಸೆಂಟಿಮೀಟರ್ ಕಡಿಮೆ ಆಯಿತು.

ಟೇಪನ್ನು ಮಟ್ಟಸವಾಗಿ ಹಿಡಿದು ಐದೈದು ಮೀಟರಿನ ಮೆಟ್ಟಿಲು ಮಾಡಿ ಇಳಿಯಬೇಕು. ಎತ್ತರದ ತುದಿಯಿಂದ ತೂಗುಗುಂಡು ಬಿಟ್ಟು ಅದು ನೆಲಕ್ಕೆ ತಾಗಿದಲ್ಲಿ ಗುರುತು. ಬೇಜಾರಿನ ಕೆಲಸ, ಬೆನ್ನು ನೋಯುತ್ತದೆ, ಆದರೆ ಬೇರೆ ದಾರಿ ಇಲ್ಲ.

ಗುಡ್ಡ ಕಡಿದು ತಟ್ಟು ಮಾಡಿದ ಜಾಗದಲ್ಲಿ ಇನ್ನೊಂದು ತಕರಾರು. ಗಡಿ ದರೆಯ ಮೇಲಿನ ಅಂಚಾ, ಬುಡವಾ? ಎರಡು ಮೀಟರ್ ಎತ್ತರದ ಮುರಮಣ್ಣಿನ ದರೆ ವರ್ಷ ವರ್ಷ ಜರಿಯುತ್ತದೆ. ಮೇಲಿನವರು ಬುಡ ತಮ್ಮದು ಎನ್ನುತ್ತಾರೆ, ಕೆಳಗಿನವರು ಅಂಚು ತಮ್ಮದು ಎನ್ನುತ್ತಾರೆ. ಇದನ್ನು ದರೆಯಿಂದ ತೀರ್ಮಾನಿಸಲು ಹೋಗಬೇಡಿ. ಕಲ್ಲಿನಿಂದ ಅಳತೆ ಹಿಡಿಯಿರಿ.

ಕಲ್ಲೇ ಜರುಗಿದ್ದರೆ?

ಜೆಸಿಬಿ ಬಂದ ಮೇಲೆ ಕಲ್ಲು ಜರುಗುವುದು ಜಾಸ್ತಿ. ರಸ್ತೆ ಅಗಲ ಮಾಡುವಾಗ ಕಿತ್ತು, ಆಮೇಲೆ ಅಂದಾಜಿಗೆ ಊರಿಟ್ಟಿರುತ್ತಾರೆ. ಹೊಸ ಮಣ್ಣಿನಲ್ಲಿ ನಿಂತ ಹಳೆಯ ಕಲ್ಲು ಕಂಡರೆ ಸಂಶಯ ಪಡಿ.

ಎರಡು ಕಲ್ಲಿನ ನಡುವೆ ಮಾತ್ರ ಅಳೆದರೆ ಯಾವುದು ತಪ್ಪು ಎಂದು ಗೊತ್ತಾಗುವುದಿಲ್ಲ. ಮೂರು ಕಲ್ಲು ಬೇಕು. ಎ ಯಿಂದ ಬಿ ಗೆ 58.8 ಸರಿ ಇದೆ, ಎ ಯಿಂದ ಸಿ ಗೆ 74 ರ ಬದಲು 72.6 ಬಂತು, ಬಿ ಯಿಂದ ಸಿ ಗೂ ಸರಿ ಬರಲಿಲ್ಲ ಎಂದಾದರೆ ಜರುಗಿದ್ದು ಸಿ. ಹತ್ತಿಪ್ಪತ್ತು ಸೆಂಟಿಮೀಟರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಕಲ್ಲಿನ ದಪ್ಪವೇ ಅಷ್ಟಿರುತ್ತದೆ. ಅರ್ಧ ಮೀಟರ್ ದಾಟಿದರೆ ತಾಲೂಕು ಸರ್ವೆಯರಿಂದ ಗಡಿ ಗುರುತು ಮಾಡಿಸಿ ಎಂದು ಮಾರುವವರಿಗೆ ಹೇಳಿ.

ಜಾಗ ಸರ್ವೆ ನಂಬ್ರದ ಅಂಚಿನಲ್ಲಿದ್ದರೆ ಪಕ್ಕದ ನಂಬ್ರದ ಎಫ್‌ಎಂಬಿಯನ್ನೂ ತೆಗೆಯಿರಿ. ಬಿ ಸಿ ಗೆರೆ 112 ರ ಹಾಳೆಯಲ್ಲಿ 42.8 ಎಂದಿದ್ದರೆ 113 ರ ಹಾಳೆಯಲ್ಲೂ ಅಷ್ಟೇ ಇರಬೇಕು. ಒಂದೇ ಗಡಿ ತಾನೆ.

ಮೊಬೈಲಿನ ಅಳತೆ ಆ್ಯಪ್ ಸಾಕಾಗುವುದಿಲ್ಲವಾ?

ಇಲ್ಲ. ಬಯಲಿನಲ್ಲೂ ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೆ ಈಚೆ ತೋರಿಸುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಇನ್ನೂ ಜಾಸ್ತಿ. ಭಾವನ ಎರಡೂವರೆ ಮೀಟರ್ ಅದರೊಳಗೆ ಮುಳುಗಿ ಹೋಗುತ್ತಿತ್ತು.

ಬೇಲಿಯ ಒಳಗೆ 40 ಸೆಂಟ್ಸ್ ಇದೆ, ಆಧಾರದಲ್ಲಿ 30. ಉಳಿದದ್ದು ಕುಮ್ಕಿ ಎನ್ನುತ್ತಾರೆ.

ಕುಮ್ಕಿ ಹಳೆಯ ದಕ್ಷಿಣ ಕೆನರಾದ ಪದ್ಧತಿ. ವರ್ಗದ ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವ ಅನುಕೂಲ ಇತ್ತು. ಅದು ಅನುಕೂಲ ಮಾತ್ರ, ಒಡೆತನ ಅಲ್ಲ. ಬೇಲಿ ಹಾಕಿ ಅಜ್ಜನ ಕಾಲದಿಂದ ಅನುಭವಿಸಿದರೂ ಕಾಗದದಲ್ಲಿ ಸರ್ಕಾರದ ಜಾಗವೇ. ಎಫ್‌ಎಂಬಿಯಲ್ಲಿ ಅದು ಬೇರೆ ನಂಬ್ರದಲ್ಲೋ ಬೇರೆ ಸಬ್‌ಡಿವಿಜನ್ನಿನಲ್ಲೋ ಕಾಣುತ್ತದೆ. ತೀರ್ವೆ ರಶೀದಿ ಎಷ್ಟಕ್ಕಿದೆಯೋ ಅಷ್ಟಕ್ಕೆ ಹಣ ಕೊಡಿ.

ನಮ್ಮ ವಿಲೇಜಿನಲ್ಲಿ ಡಿಜಿಟಲ್ ಸರ್ವೆ ಆಗಿದೆ. ಇನ್ನೂ ಇದೆಲ್ಲ ನೋಡಬೇಕಾ?

ಡಿಜಿಟಲ್ ಸರ್ವೆ ಕೇರಳದಲ್ಲಿ 2022 ರ ನವೆಂಬರ್ 1 ಕ್ಕೆ ಶುರುವಾಯಿತು. ಉಪಗ್ರಹದ ಸಿಗ್ನಲ್ ಹಿಡಿಯುವ ಆರ್‌ಟಿಕೆ ಯಂತ್ರದಿಂದ ಅಳೆಯುತ್ತಾರೆ, ಸೆಂಟಿಮೀಟರ್ ಲೆಕ್ಕದ ಅಳತೆ. ಎಂಡೆ ಭೂಮಿ ಪೋರ್ಟಲ್ 2024 ರಲ್ಲಿ ಬಂದಾಗ ಮೊದಲು ಸೇರಿದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ವಿಲೇಜು. ಪೋರ್ಟಲಿನ ವಿಳಾಸ entebhoomi.kerala.gov.in. ಸರ್ವೆ ಪೂರ್ತಿಯಾದ ವಿಲೇಜಿನಲ್ಲಿ ಮಾರುವ ಮೊದಲು ಪ್ರಿ ಮ್ಯುಟೇಶನ್ ಸ್ಕೆಚ್ ಮಾಡಿಸಬೇಕು. ಮಾರುವ ತುಂಡು ಎಲ್ಲಿ ಕೂರುತ್ತದೆ ಎಂದು ಅದರಲ್ಲೇ ಗೊತ್ತಾಗುವುದರಿಂದ ಭಾವನಿಗಾದಂಥ ಪಜೀತಿ ಕಡಿಮೆಯಾಗುತ್ತದೆ.

ಆದರೂ ನೋಡಬೇಕು. ಯಂತ್ರ ಅಳೆಯುವುದು ಕಂಡ ಗಡಿಯನ್ನು. ಅಳೆಯುವ ದಿನ ಗಲ್ಫಿನಲ್ಲಿದ್ದವರ ಬೇಲಿಯಿಲ್ಲದ ಜಾಗದಲ್ಲಿ ಪಕ್ಕದವರು ತೋರಿಸಿದ್ದೇ ಗಡಿ ಆಗಿರಬಹುದು. ಅಂತಿಮ ಮಾಡುವ ಮೊದಲು ಕರಡು ದಾಖಲೆ ತೋರಿಸಿ ದೂರು ಕೇಳುತ್ತಾರೆ. ನೀವು ಕೊಳ್ಳುವ ಜಾಗದ ಮೇಲೆ ಅಂಥ ದೂರು ಬಾಕಿ ಇದೆಯಾ ಎಂದು ವಿಚಾರಿಸಿ. ಸರ್ವೆ ದಾಖಲೆಯೇ ಒಡೆತನ ಅಲ್ಲ, ಒಡೆತನದ ಜಗಳ ಮುಗಿಯುವುದು ಸಿವಿಲ್ ಕೋರ್ಟಿನಲ್ಲಿ. ನಂಬ್ರವೂ ಹೊಸದಾಗಿರುತ್ತದೆ. ಹಳೆಯ ಆಧಾರದ 112/3 ಹೊಸ ದಾಖಲೆಯಲ್ಲಿ ಯಾವುದು ಎಂದು ಹೊಂದಿಸಿ ನೋಡದೆ ಮುಂದೆ ಹೋಗಬೇಡಿ.

ಕೊನೆಗೆ ನಿಮ್ಮ ಭಾವ ಜಾಗ ತೆಗೆದುಕೊಂಡರಾ?

ತೆಗೆದುಕೊಂಡ. ಮಾರುವವರನ್ನು ಕರೆದು ಮೂರು ಆಧಾರ, ಎಫ್‌ಎಂಬಿ ಎಲ್ಲ ಜಗಲಿಯಲ್ಲಿ ಹರಡಿದೆವು. ಹಿರಿಯ ಅಣ್ಣ ಮೊದಲು ಸಿಟ್ಟಾದರು. "ಅಪ್ಪ ಸುಳ್ಳು ಹೇಳಿದ್ದಾರಾ?" ಎಂದರು. "ಇಲ್ಲ ಅಣ್ಣ, ಅಪ್ಪನ ಕಾಗದ ಹಳೆಯದು, ಅಷ್ಟೇ" ಎಂದೆ. ಆಮೇಲೆ ಅವರೇ ಟೇಪು ಹಿಡಿದು ಬಿ ಕಲ್ಲಿನಿಂದ ಅಳೆದರು. ನನ್ನ ಅಂಕಿಯೇ ಬಂತು.

2405 ರಿಂದ ಎರಡು ಬದಿಯ 809, 809 ಕಳೆದು 787 ಚದರ ಮೀಟರ್, 19.4 ಸೆಂಟ್ಸಿಗೆ ಆಧಾರ ಆಯಿತು. ಸೆಂಟ್ಸಿಗೆ ಮಾತಾಡಿದ ರೇಟು ಅದೇ, ಗುಣಿಸುವ ಅಂಕಿ ಮಾತ್ರ ಬದಲಾಯಿತು. ಪ್ಲ್ಯಾನಿನಲ್ಲಿ ನಾಲ್ಕು ಬದಿ, ಒಂದು ಕರ್ಣ, ಮತ್ತೆ ಎ ಕಲ್ಲಿನಿಂದ ಮತ್ತು ಬಿ ಕಲ್ಲಿನಿಂದ ಎಷ್ಟು ದೂರ ಎಂದು ಬರೆಸಿದೆವು. ರಸ್ತೆ ಬದಿ 19.2. ಕೆಂಪು ಗೂಟವನ್ನು ಭಾವನೇ ಕಿತ್ತು ಎರಡೂವರೆ ಮೀಟರ್ ಈಚೆ ಊರಿದ. ಮುಂದಿನ ರಜೆಯಲ್ಲಿ ಊರಿಗೆ ಬಂದ ಗಲ್ಫಿನವರು ಅದರ ಪಕ್ಕದಲ್ಲೇ ಬೇಲಿ ಹಾಕಿಸಿದರು, ಖರ್ಚು ಅರ್ಧ ಅರ್ಧ.